ಲಾರಿ ನಿಂತರೆ ಕಾರು ಕಾರ್ಖಾನೆಗೆ ಇಷ್ಟು ಬೇಗ ಬಿಸಿ ತಟ್ಟುವುದೇಕೆ? ‘ಮಿಲ್ಕ್ ರನ್’ ಸುತ್ತಿನ ಒಳಲೆಕ್ಕ

2025ರ ಏಪ್ರಿಲ್ 14ರ ಮಧ್ಯರಾತ್ರಿಯಿಂದ ರಾಜ್ಯದ ಲಾರಿ ಮಾಲೀಕರ ಒಕ್ಕೂಟ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕರೆ ಕೊಟ್ಟಿತ್ತು. ಆ ತಿಂಗಳ 1ರಂದು ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿ, ಲೀಟರಿಗೆ 2 ರೂಪಾಯಿ ಹೆಚ್ಚಾಗಿದ್ದು ತಕ್ಷಣದ ಕಾರಣ. ಟೋಲ್, ಗಡಿ ಚೆಕ್‌ಪೋಸ್ಟ್, ಬೆಂಗಳೂರಿನೊಳಗೆ ಸರಕು ವಾಹನಗಳಿಗಿರುವ ಸಮಯದ ನಿರ್ಬಂಧ, ಇವು ಅದಕ್ಕೂ ಹಳೆಯ ದೂರುಗಳು. ಮುಷ್ಕರ ಕೆಲವೇ ದಿನಗಳಲ್ಲಿ ಮುಗಿಯಿತು. ಆದರೆ ಇಂಥ ಮುಷ್ಕರ ನಡೆದಾಗಲೆಲ್ಲ ಓದುಗರನ್ನು ಗೊಂದಲಕ್ಕೆ ಬೀಳಿಸುವ ಎರಡು ಮಾತುಗಳು ಒಟ್ಟಿಗೇ ಕೇಳಿಬರುತ್ತವೆ. ಲಾರಿ ನಿಂತರೆ ಕೆಲವೇ ಗಂಟೆಗಳಲ್ಲಿ ಅಸೆಂಬ್ಲಿ ಲೈನ್ ನಿಲ್ಲುತ್ತದೆ ಎಂದು ವಾಹನೋದ್ಯಮ ಹೇಳುತ್ತದೆ. ಲೀಟರಿಗೆ 2 ರೂಪಾಯಿ ಏರಿದರೂ ತಾವು ಉಳಿಯುವುದಿಲ್ಲ ಎಂದು ಲಾರಿ ಮಾಲೀಕರು ಹೇಳುತ್ತಾರೆ. ಸಾವಿರಾರು ಕೋಟಿ ಹೂಡಿದ ಕಾರ್ಖಾನೆಯಲ್ಲಿ ಎರಡು ದಿನಕ್ಕಾಗುವಷ್ಟು ಬಿಡಿಭಾಗವೂ ಇರುವುದಿಲ್ಲವೇ? ಅಷ್ಟು ಬೇಕಾದ ಲಾರಿಗೆ 2 ರೂಪಾಯಿ ಹೆಚ್ಚು ಕೊಡುವವರು ಯಾರೂ ಇಲ್ಲವೇ?

ಎರಡೂ ಮಾತು ನಿಜ. ಎರಡಕ್ಕೂ ಮೂಲ ‘ಮಿಲ್ಕ್ ರನ್’ ಎಂಬ ಒಂದೇ ಸಾಗಣೆ ಪದ್ಧತಿ. ಬೆಂಗಳೂರಿನ ಸುತ್ತ ಇದನ್ನು ತಿಳಿಯಲು ಬಿಡದಿಗಿಂತ ಒಳ್ಳೆಯ ಜಾಗವಿಲ್ಲ. 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಕೆಯೊಂದಿಗೆ ಅಲ್ಲಿ ಕೆಲಸ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್, ತನ್ನ ಮಾತೃಸಂಸ್ಥೆ ಜಪಾನಿನಲ್ಲಿ ರೂಢಿಸಿಕೊಂಡಿದ್ದ ಈ ಪದ್ಧತಿಯನ್ನೂ ಜೊತೆಗೆ ತಂದಿತು. ಅದರ ಸಾಗಣೆಗೆಂದೇ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಆಫ್ ಇಂಡಿಯಾ ಮತ್ತು ಜಪಾನಿನ ಮಿಟ್ಸುಯಿ ಸೇರಿ ಟ್ರಾನ್‌ಸಿಸ್ಟಮ್ ಲಾಜಿಸ್ಟಿಕ್ಸ್ ಎಂಬ ಜಂಟಿ ಕಂಪನಿಯನ್ನು ಕಟ್ಟಿದವು. ಮುಂದೆ ಬರುವ ಲೆಕ್ಕಗಳು ಪದ್ಧತಿಯನ್ನು ವಿವರಿಸಲು ಹಾಕಿಕೊಂಡವು. ಅವು ಯಾವ ಕಂಪನಿಯ ಒಳಗಿನ ಅಂಕಿ ಅಂಶಗಳೂ ಅಲ್ಲ. ಊರುಗಳ ನಡುವಿನ ದೂರವೂ ಅಂದಾಜಿನದು.

ಹಾಲಿನ ವ್ಯಾನು ಮಾಡುವ ಕೆಲಸ

ಹೆಸರು ಪರದೇಶದ್ದಾದರೂ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಾಲು ಉತ್ಪಾದಕರ ಸಂಘದ ಮುಂದೆ ಬೆಳಗಿನ ಗೊತ್ತಾದ ಹೊತ್ತಿಗೆ ವ್ಯಾನು ಬರುತ್ತದೆ, ಖಾಲಿ ಕ್ಯಾನು ಇಳಿಸಿ ತುಂಬಿದ ಕ್ಯಾನು ಏರಿಸಿಕೊಂಡು ಮುಂದಿನ ಊರಿಗೆ ಹೋಗುತ್ತದೆ. ಪ್ರತಿ ಸಂಘವೂ ತನ್ನ ಎರಡು ಕ್ಯಾನು ಹಾಲಿಗಾಗಿ ಒಂದೊಂದು ವಾಹನ ಮಾಡಿಕೊಂಡು ಡೇರಿಗೆ ಹೋದರೆ ಹಾಲಿನ ದುಡ್ಡೆಲ್ಲ ಡೀಸೆಲ್ಲಿಗೇ ಸಾಲದು. ವ್ಯಾನು ಯಾರಿಗಾಗಿಯೂ ಕಾಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ ಜನ ಹೊತ್ತಿಗೆ ಮುಂಚೆಯೇ ಹಾಲು ಹಾಕಿರುತ್ತಾರೆ.

ಕಾರು ಕಾರ್ಖಾನೆಯ ಹಳೆಯ ಪದ್ಧತಿ ಇದಕ್ಕೆ ವಿರುದ್ಧವಾಗಿತ್ತು. ಪ್ರತಿ ಪೂರೈಕೆದಾರನೂ ತನ್ನ ಲಾರಿಯಲ್ಲಿ, ತನಗೆ ಅನುಕೂಲವಾದ ಹೊತ್ತಿನಲ್ಲಿ, ಲಾರಿ ತುಂಬುವಷ್ಟು ಮಾಲು ತಂದು ಇಳಿಸುತ್ತಿದ್ದ. ಸಾಗಣೆ ಖರ್ಚು ಬಿಡಿಭಾಗದ ಬೆಲೆಯೊಳಗೇ ಅಡಗಿರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಲಾರಿಗಳ ಸಾಲು, ಮಧ್ಯಾಹ್ನ ಯಾರೂ ಇಲ್ಲ, ಸ್ಟೋರ್ಸಿನಲ್ಲಿ ಒಂದು ಭಾಗ ವಾರಕ್ಕಾಗುವಷ್ಟು, ಇನ್ನೊಂದು ಭಾಗ ಇಲ್ಲವೇ ಇಲ್ಲ. ಮಿಲ್ಕ್ ರನ್ನಿನಲ್ಲಿ ಲಾರಿ ಕಾರ್ಖಾನೆಯ ಲೆಕ್ಕದಲ್ಲಿ ಹೊರಡುತ್ತದೆ. ಅದೇ ನಾಲ್ಕಾರು ಪೂರೈಕೆದಾರರ ಬಾಗಿಲಿಗೆ ಹೋಗಿ, ಪ್ರತಿಯೊಬ್ಬರಿಂದಲೂ ಮುಂದಿನ ಕೆಲವು ಗಂಟೆಗಳಿಗೆ ಬೇಕಾದಷ್ಟನ್ನು ಮಾತ್ರ ಎತ್ತಿಕೊಂಡು ಮರಳುತ್ತದೆ. ಬೆಲೆ ಪೂರೈಕೆದಾರನ ಬಾಗಿಲಿನಲ್ಲೇ ನಿಗದಿಯಾಗುತ್ತದೆ, ಸಾಗಣೆಯ ಖರ್ಚು ಬೇರೆಯಾಗಿ ಕಾಣುತ್ತದೆ.

ಒಂದು ಸುತ್ತಿನ ಲೆಕ್ಕ

ಬಿಡದಿಯ ಒಂದು ಜೋಡಣಾ ಘಟಕಕ್ಕೆ ನಾಲ್ವರು ಪೂರೈಕೆದಾರರು ಎಂದಿಟ್ಟುಕೊಳ್ಳೋಣ. ಬೊಮ್ಮಸಂದ್ರದಲ್ಲಿ ಪ್ರೆಸ್ ಕೆಲಸದವನು ದಿನಕ್ಕೆ 3 ಟನ್ ಲೋಹದ ಬ್ರಾಕೆಟ್ ಕೊಡುತ್ತಾನೆ. ತೂಕ ಹೆಚ್ಚು, ಜಾಗ 4 ಘನ ಮೀಟರ್ ಸಾಕು. ಜಿಗಣಿಯ ಪ್ಲಾಸ್ಟಿಕ್ ಕೆಲಸದವನ ಮಾಲು ಅದರ ತದ್ವಿರುದ್ಧ: 800 ಕಿಲೊ ಮಾತ್ರ, ಆದರೆ 16 ಘನ ಮೀಟರ್ ಜಾಗ. ಜಿಗಣಿಯಲ್ಲೇ ಇನ್ನೊಬ್ಬ ರಬ್ಬರ್ ಕೊಳವೆಯವನು ಅರ್ಧ ಟನ್, 6 ಘನ ಮೀಟರ್. ಹಾರೋಹಳ್ಳಿಯ ಮಷೀನಿಂಗ್ ಶಾಪಿನವನು 2.4 ಟನ್, 6 ಘನ ಮೀಟರ್. ಲಾರಿ 14 ಅಡಿಯದು; ಸುಮಾರು 4 ಟನ್ ತೂಕ, 16.7 ಘನ ಮೀಟರ್ ಜಾಗ.

ಪ್ರತಿಯೊಬ್ಬನೂ ದಿನಕ್ಕೊಮ್ಮೆ ತನ್ನದೇ ಲಾರಿ ಕಳಿಸಿದರೆ ನಾಲ್ಕು ಲಾರಿ ಬೇಕು. ಹೋಗಿ ಬರುವ ದೂರ ಬೊಮ್ಮಸಂದ್ರಕ್ಕೆ 90, ಜಿಗಣಿಗೆ ಎರಡು ಸಲ 80, ಹಾರೋಹಳ್ಳಿಗೆ 50, ಒಟ್ಟು 300 ಕಿಲೊಮೀಟರ್. ಲಾರಿಗಳ ಒಳಗೆ ಇಣುಕಿದರೆ ಕಾಣುವುದೇ ಬೇರೆ. ಬ್ರಾಕೆಟ್ ಲಾರಿಯಲ್ಲಿ ಮುಕ್ಕಾಲು ಪಾಲು ತೂಕ ತುಂಬಿದ್ದರೂ ಮೇಲೆ ಮುಕ್ಕಾಲು ಪಾಲು ಬರೀ ಗಾಳಿ. ಪ್ಲಾಸ್ಟಿಕ್ ಲಾರಿ ಸೂರಿನವರೆಗೆ ತುಂಬಿದ್ದರೂ ಚಕ್ರಕ್ಕೆ ಭಾರವೇ ಇಲ್ಲ.

ಈಗ ಒಂದೇ ಲಾರಿ ಬಿಡದಿಯಿಂದ ಹೊರಟು ಬೊಮ್ಮಸಂದ್ರ, ಜಿಗಣಿಯ ಎರಡು ಬಾಗಿಲು, ಹಾರೋಹಳ್ಳಿ ಮುಟ್ಟಿ ಮರಳಲಿ. ಸುತ್ತು ಸುಮಾರು 100 ಕಿಲೊಮೀಟರ್. ದಿನಕ್ಕೆ ಮೂರು ಸುತ್ತು ಹೊಡೆದರೂ ಆಗುವುದು ಅದೇ 300 ಕಿಲೊಮೀಟರ್. ಸುತ್ತಿಗೆ 2.2 ಟನ್ ತೂಕ, 10.7 ಘನ ಮೀಟರ್ ಮಾಲು. ಲಾರಿಯ ಜಾಗದ ಶೇ 64 ಭರ್ತಿ. ಅಂದರೆ ಡೀಸೆಲ್ ಒಂದು ಹನಿಯೂ ಹೆಚ್ಚದೆ, ದಿನಕ್ಕೊಮ್ಮೆ ಬರುತ್ತಿದ್ದ ಭಾಗ ದಿನಕ್ಕೆ ಮೂರು ಸಲ ಬರತೊಡಗಿತು, ನಾಲ್ಕು ಲಾರಿಗಳ ಕೆಲಸ ಒಂದಕ್ಕೆ ಬಂತು. ಜಾಗ ಇನ್ನೂ ಮೂರನೇ ಒಂದು ಪಾಲು ಉಳಿದಿದೆ. ಅದೇ ದಾರಿಯಲ್ಲಿ ಐದನೆಯವನೊಬ್ಬನನ್ನು ಸೇರಿಸಬಹುದು. ಭಾರದ ಮಾಲಿನ ಮೇಲೆ ಹಗುರವಾದದ್ದನ್ನು ಪೇರಿಸಿ ತೂಕ, ಜಾಗ ಎರಡನ್ನೂ ಒಟ್ಟಿಗೆ ತುಂಬಿಸುವುದೇ ಈ ಲೆಕ್ಕ ಹಾಕುವವರ ಜಾಣ್ಮೆ. ನಕ್ಷೆಯ ಮೇಲೆ ಹತ್ತಿರವಿರುವವರನ್ನೆಲ್ಲ ಒಂದು ಸುತ್ತಿಗೆ ಸೇರಿಸಿದರೆ ಈ ಲಾಭ ಬರುವುದಿಲ್ಲ. ಪ್ರೆಸ್ ಕೆಲಸದ ಇಬ್ಬರು ಅಕ್ಕಪಕ್ಕದಲ್ಲಿದ್ದರೆ ಅವರನ್ನು ಬೇರೆ ಬೇರೆ ಸುತ್ತಿಗೆ ಹಂಚುವುದೇ ಎಷ್ಟೋ ಸಲ ಸರಿ.

ಸಮಯದ ಲೆಕ್ಕ ಇಷ್ಟು ಸಲೀಸಲ್ಲ. ಗಂಟೆಗೆ ಸರಾಸರಿ 30 ಕಿಲೊಮೀಟರ್ ಎಂದರೆ ಓಟಕ್ಕೆ 3 ಗಂಟೆ 20 ನಿಮಿಷ, ನಾಲ್ಕು ಬಾಗಿಲಲ್ಲಿ ತಲಾ 20 ನಿಮಿಷ, ಕಾರ್ಖಾನೆಯಲ್ಲಿ ಇಳಿಸಲು 40 ನಿಮಿಷ. ಒಂದು ಸುತ್ತಿಗೆ 5 ಗಂಟೆ 20 ನಿಮಿಷ. ಮೂರು ಸುತ್ತಿಗೆ 16 ಗಂಟೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ದುಡಿಮೆ ಎಂದು ಗೊತ್ತುಮಾಡಿತ್ತು; ಆ ಲೆಕ್ಕದಲ್ಲಿ ಕಾಗದದ ಮೇಲೆ ಇಬ್ಬರು ಚಾಲಕರು ಸಾಕೇ ಸಾಕು. ಆದರೆ ಚಾಲಕ ಒಂದೂವರೆ ಸುತ್ತು ಹೊಡೆದು ಜಿಗಣಿಯ ರಸ್ತೆಬದಿಯಲ್ಲಿ ಇಳಿದು ಮನೆಗೆ ಹೋಗಲಾಗುವುದಿಲ್ಲ. ಮೂರನೇ ಚಾಲಕ ಬೇಕು, ಇಲ್ಲವೇ ಇಬ್ಬರಲ್ಲೊಬ್ಬ ಸುಮಾರು ಹನ್ನೊಂದು ಗಂಟೆ ದುಡಿಯಬೇಕು. ಸುತ್ತಿನ ಉಳಿತಾಯದ ಚಿತ್ರದಲ್ಲಿ ಈ ಅರ್ಧ ಸುತ್ತು ಸಾಮಾನ್ಯವಾಗಿ ಕಾಣುವುದಿಲ್ಲ.

ಬಾಗಿಲಿನ ಇಪ್ಪತ್ತು ನಿಮಿಷ

ಪದ್ಧತಿ ನಿಂತಿರುವುದು ಪೂರೈಕೆದಾರನ ಬಾಗಿಲಿನ ಆ 20 ನಿಮಿಷದ ಮೇಲೆ. ಚಾಲಕನ ಕೈಯಲ್ಲಿ ರೂಟ್ ಚಾರ್ಟ್ ಇರುತ್ತದೆ: ಇಂಥ ಬಾಗಿಲಿಗೆ ಇಷ್ಟು ಗಂಟೆಗೆ ಒಳಗೆ, ಇಷ್ಟು ಗಂಟೆಗೆ ಹೊರಗೆ. ಲಾರಿ ನಿಲ್ಲುತ್ತಲೇ ಮೊದಲು ಇಳಿಯುವುದು ಭಾಗ ತುಂಬುವ ಡಬ್ಬಗಳಾದ ಖಾಲಿ ಬಿನ್ನುಗಳು ಮತ್ತು ಟ್ರಾಲಿಗಳು. ಅವುಗಳ ಜೊತೆಗೆ ಮುಂದೆ ಬೇಕಾಗುವ ಭಾಗಗಳ ಚೀಟಿ, ಅಂದರೆ ಕಾನ್‌ಬಾನ್, ಬರುತ್ತದೆ. ಈಗ ಹಲವೆಡೆ ಅದು ಕಂಪ್ಯೂಟರಿನಲ್ಲೇ ಬರುತ್ತದೆ. ಹಿಂದಿನ ಚೀಟಿಗಳ ಪ್ರಕಾರ ಸಿದ್ಧವಾದ ಮಾಲು ಅಷ್ಟು ಹೊತ್ತಿಗೆ ಲಾರಿಗೆ ಮಾಲು ಏರಿಸುವ ಕಟ್ಟೆಯಾದ ಡಾಕಿನ ಬಳಿ ಜೋಡಿಸಿರಬೇಕು. ಎಣಿಸಿ, ಏರಿಸಿ, ಇನ್‌ವಾಯ್ಸ್ ಮತ್ತು ಸಾಗಣೆಯ ತೆರಿಗೆ ದಾಖಲೆಯಾದ ಇ-ವೇ ಬಿಲ್ ತೆಗೆದುಕೊಂಡು ಲಾರಿ ಹೊರಡುತ್ತದೆ.

ಕಾಗದಪತ್ರದ ಭಾರ ಇಲ್ಲಿ ಕಡಿಮೆಯೇನಲ್ಲ. 2018ರ ಏಪ್ರಿಲ್ 1ರಿಂದ 50,000 ರೂಪಾಯಿಗಿಂತ ಹೆಚ್ಚಿನ ಸರಕಿಗೆ ಇ-ವೇ ಬಿಲ್ ಕಡ್ಡಾಯ. ಒಂದೇ ಲಾರಿಯಲ್ಲಿ ನಾಲ್ವರ ಮಾಲಿದ್ದರೆ ನಾಲ್ಕು ಇನ್‌ವಾಯ್ಸ್, ನಾಲ್ಕು ಬಿಲ್, ಪ್ರತಿಯೊಂದರಲ್ಲೂ ಇದೇ ಲಾರಿಯ ನಂಬರ್. ದಿನಕ್ಕೊಂದು ಇನ್‌ವಾಯ್ಸ್ ಬರೆಯುತ್ತಿದ್ದವನು ಈಗ ಸುತ್ತಿಗೊಂದು ಬರೆಯಬೇಕು. ಹೊಸೂರಿನ ಪೂರೈಕೆದಾರ ಸುತ್ತಿನಲ್ಲಿ ಸೇರಿದ್ದರೆ ರಾಜ್ಯದ ಗಡಿ ದಾಟುವುದರಿಂದ ಅವನ ಬಿಲ್ಲಿನ ತೆರಿಗೆಯ ಬಗೆಯೇ ಬೇರೆ. ಕೆಟ್ಟುನಿಂತ ಲಾರಿಯ ಬದಲು ಬೇರೆ ಲಾರಿ ಕಳಿಸಿದರೆ ಎಲ್ಲ ಬಿಲ್ಲುಗಳಲ್ಲೂ ನಂಬರ್ ಬದಲಿಸಬೇಕು. ಒಬ್ಬನ ಬಿಲ್ಲಿನಲ್ಲಿ ನಂಬರ್ ತಪ್ಪಿದ್ದಕ್ಕೆ ಲಾರಿಯನ್ನು ರಸ್ತೆಯಲ್ಲಿ ತಡೆದರೆ, ತಪ್ಪು ಮಾಡದ ಮೂವರ ಮಾಲೂ ಅಲ್ಲೇ ನಿಲ್ಲುತ್ತದೆ.

ಪುಣೆ, ಗುರುಗ್ರಾಮದಂಥ ದೂರದ ಊರುಗಳಿಂದ ಇಂಥ ಸುತ್ತು ಸಾಧ್ಯವಿಲ್ಲ. ಅಲ್ಲಿ ಸ್ಥಳೀಯ ಸುತ್ತುಗಳು ಮಾಲನ್ನು ಒಂದೆಡೆ ಕೂಡಿಸುತ್ತವೆ. ಅಲ್ಲಿಂದ ದೊಡ್ಡ ಕಂಟೇನರ್ ಲಾರಿ ದಿನಗಟ್ಟಲೆ ಓಡಿ ಬರುತ್ತದೆ. ಆ ಭಾಗಗಳ ದಾಸ್ತಾನಿನ ಲೆಕ್ಕವೇ ಬೇರೆಯಾದ್ದರಿಂದ ಇಲ್ಲಿ ಅದನ್ನು ಬಿಡೋಣ.

‘ಕೆಲವೇ ಗಂಟೆ’ ಎಂದರೆ ಎಷ್ಟು

ಈಗ ಮುಷ್ಕರದ ಮೊದಲ ಮಾತಿಗೆ ಬರೋಣ. ಒಂದು ಪಾಳಿಯಲ್ಲಿ ಕೆಲಸದ ಹೊತ್ತು 460 ನಿಮಿಷ, ಎರಡು ನಿಮಿಷಕ್ಕೊಂದು ಕಾರು ಲೈನಿನಿಂದ ಇಳಿಯುತ್ತದೆ ಎಂದುಕೊಳ್ಳಿ. ಪಾಳಿಗೆ 230, ಎರಡು ಪಾಳಿಗೆ 460 ಕಾರು. ಕಾರಿಗೊಂದು ಬೇಕಾಗುವ, ಮೇಲಿನ ಮೂರು ಸುತ್ತಿಗಿಂತ ಹೆಚ್ಚು ಸಲ ಲಾರಿ ತರುವ ಬೇರೊಂದು ಭಾಗ ಬಿನ್ನಿಗೆ 10ರಂತೆ ಬರುತ್ತದೆ. ದಿನಕ್ಕೆ 46 ಬಿನ್.

ಕಾನ್‌ಬಾನ್ ಲೆಕ್ಕದಲ್ಲಿ ಇಂಥ ಭಾಗಕ್ಕೆ ‘1-8-2’ ಎಂಬಂಥ ಒಂದು ಗುರುತು ಇರುತ್ತದೆ. 1 ದಿನದಲ್ಲಿ 8 ಟ್ರಿಪ್. ಈ ಟ್ರಿಪ್ಪಿನಲ್ಲಿ ಹೋದ ಚೀಟಿಯ ಮಾಲು ಮುಂದಿನ 2ನೇ ಟ್ರಿಪ್ಪಿನಲ್ಲಿ ಬರುತ್ತದೆ ಎಂದು ಅದರ ಅರ್ಥ. ಟ್ರಿಪ್ಪುಗಳ ನಡುವೆ 115 ನಿಮಿಷದ ಕೆಲಸದ ಹೊತ್ತು, ಅಂದರೆ 57 ಅಥವಾ 58 ಕಾರು, ಅಂದರೆ ಟ್ರಿಪ್ಪಿಗೆ 6 ಬಿನ್. ಚೀಟಿ ಹೋಗಿ ಮಾಲು ಬಂದು ಬಳಕೆಯಾಗುವಷ್ಟರಲ್ಲಿ ಮೂರು ಟ್ರಿಪ್ಪಿನ ಹೊತ್ತು ಹಿಡಿಯುವುದರಿಂದ ಇಡೀ ಸರಪಳಿಯಲ್ಲಿ ಓಡಾಡಬೇಕಾದ ಬಿನ್ನುಗಳು 46ರ ಎಂಟನೇ ಮೂರು ಪಾಲು, ಸುಮಾರು 18. ಅಡಚಣೆಗೆಂದು ಇನ್ನು 4 ಬಿನ್ ಸೇರಿಸಿದರೆ ಒಟ್ಟು 22.

ಆದರೆ ಆ 22ರಲ್ಲಿ ಹಲವು ಪೂರೈಕೆದಾರನ ಬಳಿ ಮತ್ತು ದಾರಿಯಲ್ಲಿ ಇರುತ್ತವೆ. ಲೈನಿನ ಪಕ್ಕದಲ್ಲಿರುವುದು, ಲಾರಿ ಆಗ ತಾನೇ ಬಂದು ಇಳಿಸಿದ ಹೊತ್ತಿನಲ್ಲಿ, 6 ಮತ್ತು 4, ಅಂದರೆ 10 ಬಿನ್. ಅಷ್ಟರಲ್ಲಿ 100 ಕಾರು ಆಗುತ್ತದೆ. 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಲಾರಿ ಇನ್ನೇನು ಬರಬೇಕು ಎಂಬ ಹೊತ್ತಿಗೆ ಮುಷ್ಕರ ಶುರುವಾದರೆ ಇರುವುದು ಅಡಚಣೆಯ 4 ಬಿನ್ ಮಾತ್ರ, ಅದು 80 ನಿಮಿಷಕ್ಕೆ ಮುಗಿಯುತ್ತದೆ. ಕಾರಿನಲ್ಲಿ ಇರುವ ಸುಮಾರು 30,000 ಬಿಡಿಭಾಗಗಳಲ್ಲಿ ಒಂದೇ ಒಂದು ಇಲ್ಲದಿದ್ದರೂ ಕಾರು ಪೂರ್ತಿಯಾಗುವುದಿಲ್ಲವಾದ್ದರಿಂದ, ಅತಿ ಕಡಿಮೆ ಇರುವ ಭಾಗ ಯಾವುದೋ ಅದರ ಹೊತ್ತೇ ಇಡೀ ಕಾರ್ಖಾನೆಯ ಹೊತ್ತು. ಉದ್ಯಮ ಹೇಳುವ ‘ಕೆಲವೇ ಗಂಟೆ’ಯಲ್ಲಿ ಉತ್ಪ್ರೇಕ್ಷೆ ಇಲ್ಲ.

ಹಾಗಾದರೆ ಟ್ರಿಪ್ ಕಡಿಮೆ ಮಾಡಿ ದಾಸ್ತಾನು ಹೆಚ್ಚಿಸಿಕೊಂಡರೆ? ಟ್ರಿಪ್ಪುಗಳನ್ನು 8ರಿಂದ 4ಕ್ಕೆ ಇಳಿಸಿದರೆ ಸರಪಳಿಯ ಬಿನ್ನುಗಳು 22ರಿಂದ 39ಕ್ಕೆ ಏರುತ್ತವೆ. ಆದರೂ ಲೈನಿನ ಪಕ್ಕದಲ್ಲಿ ಸಿಗುವುದು ಹೆಚ್ಚೆಂದರೆ 16 ಬಿನ್, 5 ಗಂಟೆ 20 ನಿಮಿಷದ ಕೆಲಸ. ದಾಸ್ತಾನಿನ ಮೇಲೆ ಹಾಕಿದ ದುಡ್ಡು ಹೆಚ್ಚುಕಡಿಮೆ ದುಪ್ಪಟ್ಟಾಗಿ, ದಕ್ಕಿದ್ದು ಎರಡು ಗಂಟೆ. ಎರಡು ದಿನದ ಮುಷ್ಕರವನ್ನು ದಾಟಲು ಲೈನಿನ ಪಕ್ಕದಲ್ಲಿ 92 ಬಿನ್ ಬೇಕು. ಸಾವಿರಾರು ಬಗೆಯ ಭಾಗಗಳಿಗೆ ಹೀಗೆ ಒಂಬತ್ತು ಪಟ್ಟು ಜಾಗ ಮಾಡುವುದೆಂದರೆ ಕಾರ್ಖಾನೆಯ ಪಕ್ಕದಲ್ಲಿ ಇನ್ನೊಂದು ಕಾರ್ಖಾನೆಯಷ್ಟು ದೊಡ್ಡ ಗೋದಾಮು ಕಟ್ಟಿದಂತೆ. ವರ್ಷಕ್ಕೆ ಎರಡು ದಿನ ಬರುವ ಕಷ್ಟಕ್ಕೆ ವರ್ಷವಿಡೀ ಬಾಡಿಗೆ ತೆರುವ ಬದಲು ಆ ಎರಡು ದಿನ ಲೈನ್ ನಿಲ್ಲಿಸುವುದೇ ಅಗ್ಗ ಎಂಬ ತೀರ್ಮಾನ ಈ ಪದ್ಧತಿಯೊಳಗೇ ಇದೆ.

ಸುತ್ತು ಕೆಡುವುದು ಎಲ್ಲಿ

ಮುಷ್ಕರ ವರ್ಷಕ್ಕೊಮ್ಮೆ ಬರುವ ಮಾತು. ಸುತ್ತು ದಿನಾ ಕೆಡುವುದು ಸಣ್ಣ ಕಾರಣಗಳಿಗೆ. ಮೊದಲ ಬಾಗಿಲಿನಲ್ಲಿ ಮಾಲು ಸಿದ್ಧವಿಲ್ಲವೆಂದು 25 ನಿಮಿಷ ಕಾದರೆ ಉಳಿದ ಮೂರೂ ಬಾಗಿಲಿಗೆ ಲಾರಿ ತಡವಾಗಿ ಮುಟ್ಟುತ್ತದೆ. ಅಲ್ಲಿ ಆಗಲೇ ಮತ್ತೊಂದು ಲಾರಿ ಡಾಕಿನಲ್ಲಿ ನಿಂತಿದ್ದರೆ ಇನ್ನಷ್ಟು ತಡ. ಆದ್ದರಿಂದ ನಿಯಮ ಹಾಲಿನ ವ್ಯಾನಿನದೇ: ಹೊತ್ತು ಮೀರಿದರೆ ಲಾರಿ ಖಾಲಿ ಹೊರಡಬೇಕು. ಬಿಟ್ಟುಹೋದ ಮಾಲನ್ನು ಪೂರೈಕೆದಾರ ತನ್ನ ಖರ್ಚಿನಲ್ಲಿ ಸ್ಪೆಷಲ್ ವಾಹನ ಮಾಡಿ ಮುಟ್ಟಿಸಬೇಕು. ಎರಡು ಬಿನ್ ಮಾಲಿಗೆ ಟಾಟಾ ಏಸ್ ಓಡಿಸುವ ಈ ಸ್ಪೆಷಲ್ ಟ್ರಿಪ್ಪುಗಳ ಎಣಿಕೆ ಸುತ್ತಿನ ಆರೋಗ್ಯವನ್ನು ಹೇಳುತ್ತದೆ. ಮುಖ್ಯ ಲಾರಿ ಹೊತ್ತಿಗೆ ಸರಿಯಾಗಿ ಬರುತ್ತಿದೆ ಎಂಬ ವರದಿ ಎಷ್ಟೇ ಚೆನ್ನಾಗಿದ್ದರೂ, ಗೇಟಿನಲ್ಲಿ ಸಣ್ಣ ವಾಹನಗಳು ಹೆಚ್ಚುತ್ತಿದ್ದರೆ ಒಳಗೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು.

ಇನ್ನೊಂದು ಗುರುತು ಖಾಲಿ ಬಿನ್ನು. ತುಂಬಿದ್ದನ್ನು ತರುವ ಆತುರದಲ್ಲಿ ಖಾಲಿ ಬಿನ್ನು ಏರಿಸದೆ ಲಾರಿ ಹೊರಟರೆ ಅಂದು ಯಾರಿಗೂ ತೊಂದರೆ ಆಗುವುದಿಲ್ಲ. ಮೂರನೇ ದಿನ ಪೂರೈಕೆದಾರನ ಬಳಿ ಭಾಗಗಳಿದ್ದರೂ ತುಂಬಲು ಬಿನ್ನಿಲ್ಲ. ಅವನು ರಟ್ಟಿನ ಡಬ್ಬಿಯಲ್ಲಿ ಕಳಿಸುತ್ತಾನೆ. ಅದು ಬಿನ್ನಿನಂತೆ ಒಂದರ ಮೇಲೊಂದು ಕೂರುವುದಿಲ್ಲ, ಲೆಕ್ಕ ಹಾಕಿದ್ದ ಮಾಲು ಲಾರಿಯಲ್ಲಿ ಹಿಡಿಸುವುದಿಲ್ಲ. ಮೂಲ ತಪ್ಪು ನಡೆದದ್ದು ಎಲ್ಲೋ, ಕಂಡದ್ದು ಎಲ್ಲೋ.

ನಗರದೊಳಗೆ ದಟ್ಟಣೆಯ ಹೊತ್ತಿನಲ್ಲಿ ಸರಕು ವಾಹನಗಳಿಗಿರುವ ನಿರ್ಬಂಧದ ಪರಿಣಾಮವನ್ನೂ ಹೀಗೆಯೇ ನೋಡಬೇಕು. ನೈಸ್ ರಸ್ತೆ ಹಿಡಿದು ಬರುವ ಜಿಗಣಿ, ಬೊಮ್ಮಸಂದ್ರದ ಲಾರಿಗಿಂತ ಊರೊಳಗಿನ ಪೂರೈಕೆದಾರನ ಲಾರಿಗೆ ಅದು ಹೆಚ್ಚು ತಟ್ಟುತ್ತದೆ. ಬೆಳಿಗ್ಗೆಯ ಒಂದು ಟ್ರಿಪ್ ಸಾಧ್ಯವಿಲ್ಲ ಎಂದರೆ ಎಂಟರಲ್ಲಿ ಒಂದು ಹೋಯಿತು, ಎಂಟನೇ ಒಂದು ಪಾಲು ದಾಸ್ತಾನು ಹೆಚ್ಚಿಸಿಕೊಂಡರಾಯಿತು ಎಂದು ತೋರುತ್ತದೆ. ಹಾಗಲ್ಲ. ಆ ಹೊತ್ತಿನಲ್ಲಿ ಎರಡು ಟ್ರಿಪ್ಪುಗಳ ನಡುವಿನ ಅಂತರ 115ರಿಂದ 230 ನಿಮಿಷಕ್ಕೆ ಏರುತ್ತದೆ. ಲೈನ್ ನಿಲ್ಲಬಾರದೆಂದರೆ ಅದಕ್ಕೆ ಮುಂಚಿನ ಟ್ರಿಪ್ಪಿನಲ್ಲೇ ದುಪ್ಪಟ್ಟು ಮಾಲು ಬರಬೇಕು. ಲಾರಿಯ ಗಾತ್ರ, ಲೈನಿನ ಪಕ್ಕದ ಜಾಗ, ಪೂರೈಕೆದಾರನ ಸಿದ್ಧತೆ ಎಲ್ಲವೂ ದಿನದ ಅತಿ ದೊಡ್ಡ ಅಂತರಕ್ಕೆ ತಕ್ಕಂತೆ ಇರಬೇಕಾಗುತ್ತದೆ. ಸರಾಸರಿ ಅಂತರದಿಂದ ಪ್ರಯೋಜನವಿಲ್ಲ.

ದಾಸ್ತಾನು ಹೋಯಿತೇ, ಜಾಗ ಬದಲಿಸಿತೇ

ಪೂರೈಕೆದಾರರ ಹಳೆಯ ದೂರು ಇದು: ಕಾರ್ಖಾನೆ ತನ್ನ ಗೋದಾಮನ್ನು ಖಾಲಿ ಮಾಡಿ ನಮ್ಮ ಗೋದಾಮಿಗೆ ತಂದು ತುಂಬಿತು. ಕಾರ್ಖಾನೆಯ ವಾದ ಬೇರೆ: ಬೇಡಿಕೆ ಏರಿಳಿತವಿಲ್ಲದೆ ಬರುವುದರಿಂದ ಪೂರೈಕೆದಾರನೂ ಕಡಿಮೆ ದಾಸ್ತಾನಿನಲ್ಲೇ ಬದುಕಬಹುದು, ಲಾರಿ ಸಾಕುವ ತಾಪತ್ರಯವೂ ಅವನಿಗೆ ತಪ್ಪಿತು.

ಎರಡರಲ್ಲಿ ಯಾವುದು ಸರಿ ಎಂಬುದನ್ನು ಪೂರೈಕೆದಾರನ ಯಂತ್ರ ತೀರ್ಮಾನಿಸುತ್ತದೆ. ಒಂದು ಪ್ರೆಸ್ಸಿನಲ್ಲಿ ಹತ್ತು ಬಗೆಯ ಬ್ರಾಕೆಟ್ ಒತ್ತುವವನು ಪ್ರತಿ ಬಗೆಗೂ ಅಚ್ಚು, ಅಂದರೆ ಡೈ, ಬದಲಿಸಬೇಕು. ಡೈ ಬದಲಿಸಲು ಎರಡು ಗಂಟೆ ಹಿಡಿದರೆ ಅವನು ದಿನಕ್ಕೆ ಎಂಟು ಸಲ ಬದಲಿಸುವ ಮಾತೇ ಇಲ್ಲ. ಮೂರು ದಿನಕ್ಕಾಗುವಷ್ಟನ್ನು ಒಮ್ಮೆಗೇ ಒತ್ತಿ ಗುಡ್ಡೆ ಹಾಕಿ, ಬಂದ ಲಾರಿಗೆ ಸ್ವಲ್ಪಸ್ವಲ್ಪವೇ ಕೊಡುತ್ತಾನೆ. ಅವನ ಪಾಲಿಗೆ ದೂರು ಅಕ್ಷರಶಃ ನಿಜ. ಅದೇ ಕೆಲಸವನ್ನು ಹತ್ತು ನಿಮಿಷದಲ್ಲಿ ಮಾಡುವಂತೆ ಯಂತ್ರ ಸಜ್ಜು ಮಾಡಿಕೊಂಡವನು ಲಾರಿಯ ಜೊತೆಗೇ ಹೆಜ್ಜೆ ಹಾಕಬಲ್ಲ. ಹಾಗೆ ಸಜ್ಜಾಗಲು ಬಂಡವಾಳ ಬೇಕು, ಜೊತೆಗೆ ನಂಬಬಹುದಾದ ವಿದ್ಯುತ್ ಬೇಕು. ಮಿಲ್ಕ್ ರನ್ನಿನ ಲಾಭ ದೊಡ್ಡ ಪೂರೈಕೆದಾರನಿಗೆ ಸಿಕ್ಕಷ್ಟು ಸುಲಭವಾಗಿ ಸಣ್ಣ ಶೆಡ್ಡಿನವನಿಗೆ ಸಿಗದಿರಲು ಇದೇ ಕಾರಣ ಎಂದು ನನಗೆ ತೋರುತ್ತದೆ. ಅವನಿಗೆ ಇನ್ನೊಂದು ನಷ್ಟವೂ ಇದೆ. ಮೊದಲು ತನ್ನದೇ ಲಾರಿಯಲ್ಲಿ ಕಾರು ಕಾರ್ಖಾನೆಯ ಮಾಲಿನ ಜೊತೆ ಇನ್ನಿಬ್ಬರು ಗಿರಾಕಿಗಳ ಮಾಲನ್ನೂ ಕಳಿಸುತ್ತಿದ್ದ. ದೊಡ್ಡ ಗಿರಾಕಿಯ ಮಾಲು ಸುತ್ತಿನ ಲಾರಿಗೆ ಹೋದ ಮೇಲೆ ಉಳಿದಿಬ್ಬರ ಸಾಗಣೆ ಖರ್ಚು ಪೂರ್ತಿ ಅವನ ಮೇಲೇ ಬಿತ್ತು. ಬೆಲೆಯಿಂದ ಸಾಗಣೆಯ ಪಾಲು ಕಳೆಯುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಡಿಮೆ ದಾಸ್ತಾನೇ ಎಲ್ಲಕ್ಕೂ ಮದ್ದು ಎಂದು ಈ ಪದ್ಧತಿಯ ತವರೂ ಈಗ ಹೇಳುತ್ತಿಲ್ಲ. 1997ರ ಫೆಬ್ರವರಿ 1ರಂದು ಜಪಾನಿನ ಕಾರಿಯದಲ್ಲಿ ಐಸಿನ್ ಕಂಪನಿಯ ಘಟಕ ಸುಟ್ಟುಹೋದಾಗ, ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಇಲ್ಲದೆ ಟೊಯೋಟಾದ ಜಪಾನ್ ಘಟಕಗಳು ದಿನಗಟ್ಟಲೆ ನಿಂತವು. 2011ರ ಭೂಕಂಪದ ನಂತರ ಚಿಪ್ಪುಗಳಂಥ ಭಾಗಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಇಟ್ಟುಕೊಳ್ಳುವಂತೆ ಅದು ಪೂರೈಕೆದಾರರಿಗೆ ಹೇಳಿತು. ಚಿಪ್ ತಿಂಗಳ ದಾಸ್ತಾನಿಗೂ ಅಂಗೈಯಗಲದ ಜಾಗ ಕೇಳುತ್ತದೆ, ಅದನ್ನು ಮಾಡುವವರು ವಿರಳ. ಬಂಪರ್ ಇಡೀ ಕೋಣೆ ಕೇಳುತ್ತದೆ, ಮಾಡುವವನು ನಲವತ್ತು ಕಿಲೊಮೀಟರಿನಲ್ಲಿದ್ದಾನೆ. ಗಂಟೆಗಳ ಲೆಕ್ಕ ಬಂಪರಿಗೆ ಸರಿ, ಚಿಪ್ಪಿಗೆ ಅಲ್ಲ.

ಎರಡು ರೂಪಾಯಿ ಯಾರ ಕಿಸೆಯಿಂದ

ಲಾರಿ ಮಾಲೀಕರ ಮಾತಿಗೆ ಈಗ ಬರಬಹುದು. ನಮ್ಮ 100 ಕಿಲೊಮೀಟರ್ ಸುತ್ತಿಗೆ ಲೀಟರಿಗೆ 8 ಕಿಲೊಮೀಟರಿನಂತೆ 12.5 ಲೀಟರ್ ಡೀಸೆಲ್. ಲೀಟರಿಗೆ 2 ರೂಪಾಯಿ ಏರಿದರೆ ಸುತ್ತಿಗೆ 25 ರೂಪಾಯಿ, ದಿನಕ್ಕೆ 75 ರೂಪಾಯಿ, 26 ದಿನಕ್ಕೆ 1,950 ರೂಪಾಯಿ. ಆ 75 ರೂಪಾಯಿಯನ್ನು ಅಂದು ತಯಾರಾದ 460 ಕಾರುಗಳ ಮೇಲೆ ಹಂಚಿದರೆ ಕಾರಿಗೆ 16 ಪೈಸೆ. ಇಂಥ ನೂರು ಲಾರಿಗಳಿದ್ದರೂ ಕಾರಿಗೆ 16 ರೂಪಾಯಿ. ಕಾರ್ಖಾನೆಗೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಒಂದು ಲಾರಿ ಇಟ್ಟುಕೊಂಡು ಸಾಲದ ಕಂತು ಕಟ್ಟುವವನಿಗೆ ತಿಂಗಳಿಗೆ ಹತ್ತಿರ ಹತ್ತಿರ 2,000 ರೂಪಾಯಿ.

ಕಾರ್ಖಾನೆಗೆ ಅಷ್ಟು ಹಗುರವಾದದ್ದು ಮಾಲೀಕನಿಗೆ ಮುಟ್ಟದಿರುವುದು ಕರಾರಿನ ಮೆಟ್ಟಿಲುಗಳಿಂದ. ಕಾರ್ಖಾನೆ ಮತ್ತು ಸಾಗಣೆ ಕಂಪನಿಯ ನಡುವಿನ ಕರಾರಿನಲ್ಲಿ ಡೀಸೆಲ್ ದರ ಏರಿದಂತೆ ಬಾಡಿಗೆ ಏರುವ ಷರತ್ತು ಇರಬಹುದು. ಸಾಗಣೆ ಕಂಪನಿ ತನ್ನ ಲಾರಿಗಳ ಜೊತೆಗೆ ಹೊರಗಿನವರ ಲಾರಿಗಳನ್ನೂ ಬಾಡಿಗೆಗೆ ಹಿಡಿದಿದ್ದರೆ ಆ ಎರಡನೇ ಕರಾರಿನಲ್ಲೂ ಅದೇ ಷರತ್ತು ಇರಬೇಕೆಂದೇನಿಲ್ಲ; ಇದ್ದರೂ ದರ ಪರಿಷ್ಕರಣೆ ಮೂರು ತಿಂಗಳಿಗೊಮ್ಮೆ ಎಂದಿದ್ದರೆ ನಡುವಿನ ಏರಿಕೆ ಲಾರಿಯವನದೇ. ಟೋಲ್‌ನ ಕಥೆಯೂ ಇದೇ. ಮಾಲು ಎಷ್ಟಿದೆ ಎಂದು ನೋಡಿ ಟೋಲ್ ಹಾಕುವುದಿಲ್ಲ, ವಾಹನ ನೋಡಿ ಪ್ರತಿ ಓಟಕ್ಕೂ ಹಾಕುತ್ತಾರೆ. ದಿನಕ್ಕೊಮ್ಮೆ ತುಂಬಿ ಬರುವ ಲಾರಿಗಿಂತ, ಮೂರು ಸಲ ಮುಕ್ಕಾಲು ತುಂಬಿ ಬರುವ ಲಾರಿ ಅಷ್ಟೇ ಮಾಲಿಗೆ ಹೆಚ್ಚು ಟೋಲ್ ತೆರುತ್ತದೆ. 2023ರ ಮಾರ್ಚಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಗೆ ಮುಂಚೆಯೇ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿ ಟೋಲ್ ಬಂದ ಮೇಲೆ, ನೈಸ್ ರಸ್ತೆಯ ಶುಲ್ಕದ ಮೇಲೆ ಅದೂ ಸೇರಿತು. ಸುತ್ತು ಹೆಚ್ಚಿಸಿ ದಾಸ್ತಾನು ಇಳಿಸುವ ಲೆಕ್ಕದಲ್ಲಿ ಲಾಭ ಕಾರ್ಖಾನೆಯ ಖಾತೆಯಲ್ಲೂ ಟೋಲ್ ಬೇರೆಯವರ ಖಾತೆಯಲ್ಲೂ ಬಿದ್ದರೆ ಸುತ್ತುಗಳು ಅಗತ್ಯಕ್ಕಿಂತ ಹೆಚ್ಚೇ ಆಗುತ್ತವೆ.

ಮುಷ್ಕರದಲ್ಲಿ ಇದರ ತಿರುವು ಕಾಣುತ್ತದೆ. ಲಾರಿಯವನಿಗೆ ಚೌಕಾಶಿಯ ಬಲ ದಿನನಿತ್ಯ ಇಲ್ಲ. ಅವನ ಲಾರಿಯ ಬದಲು ಇನ್ನೊಂದು ಸಿಗುತ್ತದೆ. ಎಲ್ಲರೂ ಒಟ್ಟಿಗೆ ನಿಂತಾಗ ಮಾತ್ರ, ಆ 3 ಗಂಟೆ 20 ನಿಮಿಷದ ದಾಸ್ತಾನಿನಿಂದಾಗಿ, ಅವನ ಬಲ ಒಮ್ಮೆಗೇ ಹತ್ತಾರು ಪಟ್ಟಾಗುತ್ತದೆ. ಆದರೆ ಮುಷ್ಕರದ ಬೇಡಿಕೆಗಳು ಹೋಗುವುದು ಸರ್ಕಾರದ ಬಾಗಿಲಿಗೆ. ಲಾರಿಯ ಬಾಡಿಗೆ ತೀರ್ಮಾನವಾಗುವ ಕರಾರಿನ ಮೇಜಿಗೆ ಅವು ಬರುವುದೇ ಇಲ್ಲ.

ಮೂರನೇ ಘಟಕದ ನಂತರ

2023ರ ನವೆಂಬರಿನಲ್ಲಿ ಟೊಯೋಟಾ ಕಿರ್ಲೋಸ್ಕರ್ ಬಿಡದಿಯಲ್ಲೇ ಮೂರನೇ ಘಟಕಕ್ಕೆ ಸುಮಾರು 3,300 ಕೋಟಿ ರೂಪಾಯಿ ಹೂಡುವುದಾಗಿ ರಾಜ್ಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಆಗಿನ ಎರಡು ಘಟಕಗಳ ವಾರ್ಷಿಕ 3.42 ಲಕ್ಷ ವಾಹನಗಳ ಸಾಮರ್ಥ್ಯಕ್ಕೆ 1 ಲಕ್ಷ ಸೇರಿಸುವ, 2026ರ ಗುರಿಯ ಯೋಜನೆ ಅದು. ಸಾಮರ್ಥ್ಯ ಶೇ 29ರಷ್ಟು ಏರಿದರೆ ಲಾರಿಗಳೂ ಶೇ 29ರಷ್ಟು ಹೆಚ್ಚುತ್ತವೆ ಎಂದು ರಸ್ತೆಯ ಬಗ್ಗೆ ಆತಂಕಪಡುವವರು ಹೇಳುವುದುಂಟು.

ಸುತ್ತಿನ ಲೆಕ್ಕ ಅಷ್ಟು ನೇರವಾಗಿ ಏರುವುದಿಲ್ಲ. ಪ್ರತಿ ಪೂರೈಕೆದಾರನ ಮಾಲು ಹೆಚ್ಚಿದರೆ ಶೇ 64 ತುಂಬುತ್ತಿದ್ದ ನಮ್ಮ ಲಾರಿ ಅದೇ ಮೂರು ಸುತ್ತಿನಲ್ಲಿ ಶೇ 83 ತುಂಬುತ್ತದೆ; ಒಂದು ಲಾರಿಯೂ ಹೆಚ್ಚಬೇಕಿಲ್ಲ. ಆಗಲೇ ಶೇ 85 ತುಂಬಿ ಓಡುತ್ತಿರುವ ಸುತ್ತುಗಳದು ಬೇರೆ ಮಾತು. ಅಲ್ಲಿ ಒಬ್ಬ ಪೂರೈಕೆದಾರನನ್ನು ಸುತ್ತಿನಿಂದ ತೆಗೆದು ಬೇರೆ ಸುತ್ತಿಗೆ ಹಾಕಬೇಕು, ಇಲ್ಲವೇ ನಾಲ್ಕನೇ ಸುತ್ತು ಸೇರಿಸಬೇಕು. ಜಿಗಣಿಯ ಪ್ಲಾಸ್ಟಿಕ್‌ನವನಂಥ ದೊಡ್ಡ ಗಾತ್ರದ ಮಾಲಿನವನು ಒಂದು ಹಂತದಲ್ಲಿ ಲಾರಿಯನ್ನು ಒಬ್ಬನೇ ತುಂಬಿಸಬಲ್ಲ. ಆಗ ಅವನಿಗೆ ಸುತ್ತಿನ ಅಗತ್ಯವೇ ಇಲ್ಲ, ನೇರ ಲಾರಿ ಸಾಕು. ಅವನು ಹೊರಟರೆ ಸುತ್ತಿನಲ್ಲಿ ಉಳಿದವರ ಲಾರಿ ಚಿಕ್ಕದಾಗುತ್ತದೆ, ಬಾಗಿಲುಗಳು ಕಡಿಮೆಯಾಗಿ ಒಬ್ಬನ ತಡ ಇನ್ನೊಬ್ಬನಿಗೆ ತಟ್ಟುವುದೂ ಕಡಿಮೆಯಾಗುತ್ತದೆ.

ಹೆಚ್ಚುವ ಒತ್ತಡ ಕಾಣುವುದು ಕಾರ್ಖಾನೆಯ ಒಳಗೆ. ಒಂದೇ ಪೂರೈಕೆದಾರನ ಒಂದೇ ಬಗೆಯ ಭಾಗ ಎರಡು ಘಟಕಗಳಿಗೂ ಬೇಕಾದರೆ ಒಂದು ಲಾರಿ ಎರಡು ಡಾಕಿನಲ್ಲಿ ಇಳಿಸಬೇಕು. 40 ನಿಮಿಷದ ಇಳಿಕೆ 70 ನಿಮಿಷವಾದರೆ 5 ಗಂಟೆ 20 ನಿಮಿಷದ ಸುತ್ತು 5 ಗಂಟೆ 50 ನಿಮಿಷಕ್ಕೆ ಹೋಗುತ್ತದೆ, ಮೂರು ಸುತ್ತು 16 ಗಂಟೆಯಲ್ಲಿ ಮುಗಿಯದೆ 17 ಗಂಟೆ 30 ನಿಮಿಷ ಹಿಡಿಯುತ್ತದೆ. ಆಗಲೇ ಇಬ್ಬರು ಚಾಲಕರಿಗೆ ಅರ್ಧ ಸುತ್ತು ಹೆಚ್ಚಾಗಿದ್ದ ಕಡೆ ಇನ್ನೊಂದೂವರೆ ಗಂಟೆ ಸೇರಿತು. ಮೂರನೇ ಚಾಲಕನನ್ನು ನೇಮಿಸುವ ಖರ್ಚು ಬಾಡಿಗೆಯಲ್ಲಿ ಸೇರುತ್ತದೆಯೋ, ಅಥವಾ ಇರುವ ಇಬ್ಬರ ದುಡಿಮೆಯ ಹೊತ್ತಿಗೇ ಸೇರುತ್ತದೆಯೋ ಎಂಬುದು ಹೊಸ ಘಟಕಕ್ಕಾಗಿ ಬರೆಯುವ ಸಾಗಣೆ ಕರಾರಿನಲ್ಲಿ ತೀರ್ಮಾನವಾಗುತ್ತದೆ.